ಮುರಿದ ಬೋರ್ಡಿನ ಪತ್ರದಲ್ಲಿ ಫೋಟೋ ಬಗ್ಗೆ ಏನು ಬರೆಯಬೇಕು?

“ನಮ್ಮ ಅಡ್ಡರಸ್ತೆಯ ಬೋರ್ಡ್ ಮುರಿದು ವಾಲಿದೆ. ವಾರ್ಡ್ ಕಚೇರಿಗೆ ಪತ್ರ ಬರೆಯುತ್ತಿದ್ದೇನೆ. ‘ಫೋಟೋ ಲಗತ್ತಿಸಿದೆ’ ಅಂದರೆ ಸಾಕಾ?”

ಸಾಕಾಗಲ್ಲ. ಪತ್ರವನ್ನು ಜೆರಾಕ್ಸ್ ಮಾಡಿದರೆ ಫೋಟೋ ಬರೀ ಕಪ್ಪು ಮಚ್ಚೆಯಂತೆ ಕಾಣುತ್ತದೆ. ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಕಳಿಸಿದರೆ ಅದರೊಳಗಿನ ಜಾಗದ ಮಾಹಿತಿಯೂ ಅಳಿಸಿಹೋಗುತ್ತದೆ. ಅದಕ್ಕೇ ಫೋಟೋ ನೋಡದವರಿಗೂ ತಿಳಿಯುವಂತೆ ಬರೆಯಿರಿ. ಹೀಗೆ:

“ಈ ಫೋಟೋವನ್ನು ಇಂದು ಬೆಳಗ್ಗೆ 7 ಗಂಟೆಗೆ 9ನೇ ಅಡ್ಡರಸ್ತೆಯ ಮೂಲೆಯಲ್ಲಿ, ಹಾಲಿನ ಬೂತ್ ಎದುರು ನಿಂತು ತೆಗೆದಿದ್ದೇನೆ. ಬೋರ್ಡಿನ ಎರಡು ಕಂಬಗಳಲ್ಲಿ ಎಡಗಡೆಯದು ಬುಡದಲ್ಲಿ ತುಕ್ಕು ಹಿಡಿದು ಮುರಿದಿದೆ. ತಗಡು ಫುಟ್‌ಪಾತಿನ ಕಡೆ ವಾಲಿದೆ. ಅದರ ಚೂಪಾದ ಮೂಲೆ ಸ್ಕೂಲ್ ಮಕ್ಕಳ ಮುಖದ ಎತ್ತರಕ್ಕಿದೆ. ಅಕ್ಷರಗಳಲ್ಲಿ ‘9ನೇ ಅ’ ಅಷ್ಟೇ ಓದಲು ಆಗುತ್ತದೆ.”

ಆ ಚೂಪಾದ ಮೂಲೆಯ ಮಾತನ್ನು ಬಿಡಬೇಡಿ. ಹೆಸರು ಕಾಣುತ್ತಿಲ್ಲ ಅನ್ನುವುದಕ್ಕಿಂತ ಮಕ್ಕಳಿಗೆ ಗಾಯವಾಗಬಹುದು ಅನ್ನುವುದು ಜಾಸ್ತಿ ತುರ್ತು, ಅಲ್ವಾ? ನೀವು ಕಣ್ಣಾರೆ ನೋಡಿಲ್ಲದಿದ್ದರೆ “ಲಾರಿ ಗುದ್ದಿದೆ” ಅಂತ ಬರೆಯಬೇಡಿ. ಕಾಣುವುದು ತುಕ್ಕು, ಅದನ್ನೇ ಹೇಳಿ.

ದೂರದಿಂದ ಇನ್ನೊಂದು ಫೋಟೋ ತೆಗೆಯಿರಿ. ಅಂಗಡಿಯೋ ಕರೆಂಟ್ ಕಂಬವೋ ಅದರಲ್ಲಿ ಕಾಣಲಿ. ಕಂಬದ ಮೇಲೆ ನಂಬರ್ ಇದ್ದರೆ ಪತ್ರದಲ್ಲಿ ಅದನ್ನೂ ಬರೆಯಿರಿ. ಒಂದೇ ಬಡಾವಣೆಯಲ್ಲಿ 9ನೇ ಅಡ್ಡರಸ್ತೆ ಹಲವು ಮುಖ್ಯರಸ್ತೆಗಳನ್ನು ದಾಟಬಹುದು, ಹಾಗಾಗಿ ಯಾವ ಮುಖ್ಯರಸ್ತೆಯ ಮೂಲೆ ಅನ್ನುವುದೂ ಬೇಕು.

ಕೊನೆಗೆ ಬೇಡಿಕೆ: “ಬುಡ ತುಕ್ಕು ಹಿಡಿದಿರುವುದರಿಂದ ನೆಟ್ಟಗೆ ಮಾಡಿದರೆ ನಿಲ್ಲದು. ಹೊಸ ಕಂಬ ಹಾಕಿ ಕಾಂಕ್ರೀಟ್ ತುಂಬಿಸಿ. ಅಲ್ಲಿಯವರೆಗೆ ತಗಡನ್ನು ಇಳಿಸಿಡಿ.” ನಿಮ್ಮ ಪ್ರತಿಯ ಮೇಲೆ ದಿನಾಂಕದ ಸೀಲ್ ಹಾಕಿಸಿಕೊಳ್ಳಿ.