ಎಲಿಪ್ಪತ್ತಾಯಂ: ಕೊನೆಯ ದೃಶ್ಯದಲ್ಲಿ ಬಣ್ಣ, ಬೋನು, ಕೊಳ

"ಅಡೂರ್ ಅವರ ಎಲಿಪ್ಪತ್ತಾಯಂ ನೋಡಿದೆ. ಕೊನೇಲಿ ಉಣ್ಣಿಯನ್ನು ಎಳೆದುಕೊಂಡು ಹೋಗಿ ಕೊಳಕ್ಕೆ ಯಾಕೆ ಎಸೀತಾರೆ? ಹೆಂಗಸರ ಬಟ್ಟೆಯ ಬಣ್ಣಕ್ಕೂ ಇಲಿಬೋನಿಗೂ ಏನೋ ಅರ್ಥ ಇದೆ ಅಂತಾರೆ, ನನಗೆ ಹೊಳೀಲಿಲ್ಲ. ಶಿವಮೊಗ್ಗದಲ್ಲಿ ಯಾರಾದರೂ ಈ ಚಿತ್ರ ನೋಡಿದವರು ಇದ್ದರೆ ಹೇಳಿ."

ನಾನು ಸಾಗರದ ಕಡೆಯವನು. ಹೆಗ್ಗೋಡಿನಲ್ಲಿ ನೀನಾಸಂ ಇರುವುದರಿಂದ ನಮ್ಮ ಕಡೆ ಇಂಥ ಚಿತ್ರ ನೋಡಿ, ಆಮೇಲೆ ಕೂತು ಚರ್ಚೆ ಮಾಡುವ ರೂಢಿ ಇದೆ. ಈ ಚಿತ್ರದ ಕೊನೆಯ ಬಗ್ಗೆ ನನಗೆ ಹೇಳುವುದು ಇದೆ.

ಮೊದಲು ಬಣ್ಣ. ಈ ಮಲಯಾಳಂ ಚಿತ್ರ ತಯಾರಾಗಿದ್ದು 1981ರಲ್ಲಿ. ಅಡೂರ್ ಗೋಪಾಲಕೃಷ್ಣನ್ ಅವರ ಮೊದಲ ಬಣ್ಣದ ಕಥಾಚಿತ್ರ ಇದು. ಬಣ್ಣ ಸಿಕ್ಕಿತು ಅಂತ ಎಲ್ಲ ಕಡೆ ಚೆಲ್ಲದೆ, ಅವರು ಅದನ್ನು ಒಬ್ಬೊಬ್ಬರಿಗೆ ಒಂದರಂತೆ ಹಂಚಿದ್ದಾರೆ. ಕಿರಿಯ ತಂಗಿ ಶ್ರೀದೇವಿಗೆ ಕೆಂಪು. ಮನೆಯ ಎಲ್ಲ ಕೆಲಸ ಹೊತ್ತ ರಾಜಮ್ಮನಿಗೆ ನೀಲಿ. ಮದುವೆಯಾಗಿ ಬೇರೆ ಊರಿನಲ್ಲಿರುವ, ಪಾಲು ಕೇಳಲು ಬರುವ ಅಕ್ಕ ಜಾನಮ್ಮನಿಗೆ ಹಸಿರು. ಅಣ್ಣ ಉಣ್ಣಿಗೆ ಬಿಳಿ. ಇದು ವಿಮರ್ಶಕರು ಆಮೇಲೆ ಹುಡುಕಿ ತೆಗೆದಿದ್ದಲ್ಲ, ನಿರ್ದೇಶಕರೇ ಹೇಳಿದ್ದಾರೆ.

ಇಲ್ಲಿ ಜಾಸ್ತಿ ಜನ ಎಡವುವುದು ಒಂದು ಕಡೆ. ಕೆಂಪು ಅಂದರೆ ಅಪಾಯ, ಬಿಳಿ ಅಂದರೆ ಶಾಂತಿ ಅಂತ ಪಟ್ಟಿ ಹಿಡಿದುಕೊಂಡು ಕೂರುತ್ತಾರೆ. ಆ ಪಟ್ಟಿಯಿಂದ ಈ ಚಿತ್ರ ತೆರೆದುಕೊಳ್ಳುವುದಿಲ್ಲ. ಬಣ್ಣ ಯಾರ ಮೈಮೇಲಿದೆ, ಆ ವ್ಯಕ್ತಿ ಏನು ಮಾಡುತ್ತಾರೆ, ಆ ಬಣ್ಣ ತೆರೆಯಿಂದ ಯಾವಾಗ ಹೋಗುತ್ತದೆ ಅಂತ ನೋಡಬೇಕು. ಶ್ರೀದೇವಿ ಆ ಮನೆಯಲ್ಲಿ ತಾನಾಗಿ ಏನನ್ನಾದರೂ ಮಾಡುವ ಹುಡುಗಿ. ಬೋನು ಇಡುವವಳು ಅವಳು. ಸಿಕ್ಕ ಇಲಿಯನ್ನು ಕೊಳಕ್ಕೆ ಒಯ್ಯುವವಳೂ ಅವಳೇ. ಕೆಂಪಿಗೆ ಅರ್ಥ ಬರುವುದು ಅವಳ ಆ ಚುರುಕಿನಿಂದ. ರಾಜಮ್ಮನ ನೀಲಿಗೆ ಅರ್ಥ ಬರುವುದು ಅವಳು ಬಾಯಿ ಬಿಡದೆ ಸಹಿಸುವುದರಿಂದ. ಶಾರದಾ ಅದನ್ನು ಎಷ್ಟು ತಗ್ಗಿಸಿ ಅಭಿನಯಿಸಿದ್ದಾರೆ ಅಂದರೆ, ಬಟ್ಟೆಯ ಬಣ್ಣ ಗಮನಿಸದವರಿಗೂ ಅದು ತಟ್ಟುತ್ತದೆ.

ಉಣ್ಣಿ ಏನು ಮಾಡುತ್ತಾನೆ? ಪೇಪರ್ ಓದುತ್ತಾನೆ. ಕನ್ನಡಿ ಮುಂದೆ ಮೀಸೆಯ ನರೆಗೂದಲು ಕತ್ತರಿಸುತ್ತಾನೆ. ಅಂಗಳಕ್ಕೆ ಹಸು ನುಗ್ಗಿದರೆ ಎದ್ದು ಓಡಿಸದೆ ರಾಜಮ್ಮನನ್ನು ಕೂಗುತ್ತಾನೆ. ಮದುವೆಗೆ ಅಂತ ಹೊರಟವನು ದಾರಿಯಲ್ಲಿ ಕೆಸರುನೀರು ಕಂಡು ವಾಪಸ್ ಬರುತ್ತಾನೆ. ಆ ಬಿಳಿ ಬಟ್ಟೆ ಒಗೆದು ಕೊಡುವವರು ಬೇರೆ, ಅದಕ್ಕೆ ಕೆಸರು ತಾಗಬಾರದು ಅನ್ನುವವನು ಅವನು. ಬಿಳಿ ಅವನ ಶುದ್ಧತೆ ಅಲ್ಲವೇ ಅಲ್ಲ. ಅವನಿಗೆ ಸ್ವಂತ ಬಣ್ಣ ಅಂತ ಇಲ್ಲ.

ಈಗ ಕೊನೆಗೆ ಬನ್ನಿ. ಹಸಿರು ಮೊದಲು ಹೊರಟುಹೋಗುತ್ತದೆ, ಜಾನಮ್ಮ ತನ್ನ ಊರಿಗೆ ಮರಳುತ್ತಾಳೆ. ಶ್ರೀದೇವಿ ಮನೆ ಬಿಟ್ಟು ಓಡಿಹೋಗುತ್ತಾಳೆ, ಕೆಂಪು ಹೋಯಿತು. ಕಾಯಿಲೆ ಬಿದ್ದ ರಾಜಮ್ಮನನ್ನು ಊರಿನವರು ಹೊತ್ತುಕೊಂಡು ಹೋಗುತ್ತಾರೆ, ನೀಲಿಯೂ ಹೋಯಿತು. ಆಮೇಲೆ ಆ ದೊಡ್ಡ ಕತ್ತಲ ಮನೆಯಲ್ಲಿ ಉಳಿಯುವುದು ಒಂದೇ ಬಿಳಿ. ಬಾಗಿಲು ಹಾಕಿಕೊಂಡು, ಸದ್ದಾದರೆ ಬೆದರಿ, ಮೂಲೆ ಸೇರುವ ಉಣ್ಣಿ. ಯಾರೂ ಮಾತಲ್ಲಿ ಏನೂ ಹೇಳುವುದಿಲ್ಲ. ಬಣ್ಣಗಳು ಒಂದೊಂದಾಗಿ ಖಾಲಿಯಾದದ್ದನ್ನು ಕಣ್ಣು ಲೆಕ್ಕ ಇಟ್ಟಿರುತ್ತದೆ. ಅದಕ್ಕೇ ಆ ಮನೆ ಅಷ್ಟು ಬರಿದಾಗಿ ಕಾಣುವುದು.

ಬೋನಿನ ವಿಷಯ ಇದಕ್ಕಿಂತ ನೇರ, ಚಿತ್ರದ ಹೆಸರಿನ ಅರ್ಥವೇ ಇಲಿಬೋನು. ಚಿತ್ರದ ಮೊದಲಲ್ಲೇ ರಾತ್ರಿ ಇಲಿ ಬಂತು ಅಂತ ಉಣ್ಣಿ ಕಿರುಚಿಕೊಂಡು ಏಳುತ್ತಾನೆ. ಹಳೇ ಬೋನು ಹೊರಗೆ ಬರುತ್ತದೆ. ಇಲಿ ಸಿಗುತ್ತದೆ. ಶ್ರೀದೇವಿ ಬೋನನ್ನು ಎತ್ತಿಕೊಂಡು ಹೋಗಿ ಕೊಳದ ನೀರಿಗೆ ಇಳಿಸುತ್ತಾಳೆ. ನಮ್ಮ ಹಳ್ಳಿಗಳ ಹಳೇ ಮನೆಯವರಿಗೆ ಈ ಕೆಲಸವನ್ನು ವಿವರಿಸಿ ಹೇಳಬೇಕಿಲ್ಲ, ಅಲ್ವಾ? ಇಲಿಯನ್ನು ಬೋನಿನ ಸಮೇತ ನೀರಿಗೆ ಅದ್ದುವುದನ್ನು ನೋಡಿಯೇ ಬೆಳೆದವರು ನಾವು. ಚಿತ್ರ ಇದನ್ನು ಮತ್ತೆ ತೋರಿಸುತ್ತದೆ. ಪ್ರತಿ ಸಲವೂ ಕ್ರಮ ಒಂದೇ: ಹಿಡಿಯುವುದು, ಹೊರುವುದು, ಕೊಳಕ್ಕೆ ಹಾಕುವುದು. ಕೊನೆಯಲ್ಲಿ ಜನ ಬಾಗಿಲು ಒಡೆದು ಒಳಗೆ ಬಂದಾಗ ಇದೇ ಮೂರು ಕೆಲಸ ಇದೇ ಕ್ರಮದಲ್ಲಿ ನಡೆಯುತ್ತದೆ. ಬೋನು ಮಾತ್ರ ಕಾಣುವುದಿಲ್ಲ. ಯಾಕೆಂದರೆ ಅವರು ಅವನನ್ನು ಹಿಡಿದ ಮನೆಯೇ ಬೋನು. ಆ ಜನ ಯಾರು, ಅವರ ಸಿಟ್ಟು ಏನು ಅಂತ ಚಿತ್ರ ಬಿಡಿಸಿ ಹೇಳುವುದಿಲ್ಲ. ಹೇಳಿದ್ದರೆ ಅದು ಒಂದು ಜಗಳದ ಕಥೆ ಆಗಿಬಿಡುತ್ತಿತ್ತು.

ಒಂದು ವಿಷಯ ಗೊತ್ತಿದ್ದರೆ ಈ ದೃಶ್ಯ ಇನ್ನಷ್ಟು ತೂಕ ಪಡೆಯುತ್ತದೆ. ಇದು ಕೇರಳದ ನಾಯರ್ ತರವಾಡು, ಅಂದರೆ ಕೂಡುಕುಟುಂಬದ ಹಿರೀಕರ ಮನೆ. ಅಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿತ್ತು, ನಮ್ಮ ಕರಾವಳಿಯ ಅಳಿಯಕಟ್ಟಿನ ಹಾಗೆ. ಗಂಡಸು ಅದನ್ನು ನೋಡಿಕೊಳ್ಳುವವನು ಅಷ್ಟೇ. ಅಂದರೆ ಬಣ್ಣವಿರುವ ಮೂವರು ಹೆಂಗಸರದ್ದೇ ಆ ಮನೆ. ಅವರ ಪಾಲನ್ನು ಹಿಡಿದು ಕೂತವನು ಬಣ್ಣವಿಲ್ಲದ ಉಣ್ಣಿ. ಭೂಸುಧಾರಣೆ ಬಂದು, 1975ರಲ್ಲಿ ಕೂಡುಕುಟುಂಬ ಪದ್ಧತಿಯನ್ನೇ ರದ್ದು ಮಾಡುವ ಕಾನೂನೂ ಬಂದ ಮೇಲೆ ಅವನ ಕೂತು ಉಣ್ಣುವ ಬದುಕಿಗೆ ಆಧಾರ ಉಳಿಯಲಿಲ್ಲ. ನಮ್ಮ ಕಡೆ ಗೇಣಿದಾರರು ನಡೆಸಿದ 1951ರ ಕಾಗೋಡು ಸತ್ಯಾಗ್ರಹ, ಕರ್ನಾಟಕದ 1974ರ ಭೂಸುಧಾರಣೆಯ ಕಥೆ ಮನೆಯ ಹಿರಿಯರಿಂದ ಕೇಳಿದವರಿಗೆ ಉಣ್ಣಿಯ ಭಯ ಹೊಸದಲ್ಲ. ಚಾವಡಿಯಲ್ಲಿ ಕೂತು ಗೇಣಿ ಎಣಿಸಿಕೊಳ್ಳುತ್ತಿದ್ದವರು ಮಲೆನಾಡಿನಲ್ಲೂ ಇದ್ದರು.

ನಿಮಗೆ ಬಣ್ಣ ಹೊಳೆಯದಿರಲು ನೀವು ನೋಡಿದ ಪ್ರತಿಯೂ ಕಾರಣ ಇರಬಹುದು. ಆ ಕಾಲದ ಬಣ್ಣದ ಪ್ರಿಂಟ್‌ಗಳು ಹಳತಾದಂತೆ ಅವುಗಳಲ್ಲಿನ ನೀಲಿ-ಹಸಿರು ಛಾಯೆ ಮೊದಲು ಮಾಸುತ್ತದೆ, ಇಡೀ ಚಿತ್ರ ಗುಲಾಬಿ ಕಡೆಗೆ ವಾಲುತ್ತದೆ. ಅಂಥ ಪ್ರತಿಯಲ್ಲಿ ರಾಜಮ್ಮನ ನೀಲಿಯೂ ಜಾನಮ್ಮನ ಹಸಿರೂ ಒಂದೇ ಥರ ಬೂದು ಕಾಣುತ್ತವೆ. ಹಗಲಿನ ಹೊರಾಂಗಣದ ಒಂದು ದೃಶ್ಯ ನಿಲ್ಲಿಸಿ ಬಾಳೆ ಎಲೆ, ತೆಂಗಿನ ಗರಿ ನೋಡಿ. ಅವೇ ಕಂದು ಬಣ್ಣಕ್ಕೆ ತಿರುಗಿದ್ದರೆ ಬೇರೆ ಪ್ರತಿ ಹುಡುಕಿ.

ಕೊನೆಯ ಚಿತ್ರಿಕೆಯ ಬಗ್ಗೆ ಜಗಳ ಇದ್ದೇ ಇದೆ. ಇಲಿಗಳು ನೀರಲ್ಲಿ ಸಾಯುತ್ತವೆ. ಉಣ್ಣಿ ಸಾಯುವುದಿಲ್ಲ, ನಡುಗುತ್ತಾ ಮೇಲೆ ಏಳುತ್ತಾನೆ. ಇದು ಮರುಹುಟ್ಟು, ಕೊಳದ ನೀರು ಅವನನ್ನು ತೊಳೆಯಿತು ಅನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಉಣ್ಣಿಯಾಗಿ ನಟಿಸಿದ ಕರಮನ ಜನಾರ್ದನನ್ ನಾಯರ್ ಅವರ ಮೈ ನೋಡಿ. ಭುಜ ಕುಗ್ಗಿದೆ, ಕೈ ಎದೆಗೆ ಮುದುಡಿದೆ, ಒದ್ದೆ ಇಲಿ ನಿಂತ ಹಾಗೇ ನಿಂತಿದ್ದಾನೆ. ಹೊಸ ಮನುಷ್ಯ ಹೀಗೆ ಏಳುವುದಿಲ್ಲ. ಸತ್ತಿದ್ದರೆ ನಾವು ಒಂದು ಕಾಲ ಮುಗಿಯಿತು ಅಂತ ಹಾಯಾಗಿ ಎದ್ದು ಹೋಗಬಹುದಿತ್ತು. ಅಡೂರ್ ಆ ಸಮಾಧಾನ ಕೊಡಲಿಲ್ಲ. ಆ ಸ್ವಭಾವ ಮನೆ ಮುರಿದರೂ ಸಾಯುವುದಿಲ್ಲ ಅಂತ ಅವರು ಹೇಳುತ್ತಿದ್ದಾರೆ ಅಂತಲೇ ನನ್ನ ಓದು. ಮರುಹುಟ್ಟು ಅನ್ನುವವರು ಅವನ ಭುಜದ ಕುಗ್ಗನ್ನು ಹೇಗೆ ಓದುತ್ತಾರೆ ಅಂತ ಇಲ್ಲಿ ಯಾರಾದರೂ ಬರೆದರೆ ಓದಲು ಆಸೆ ಇದೆ.