ರೂಟರ್ ರೀಸೆಟ್‌ಗೆ ಮುನ್ನ ಬ್ಯಾಕಪ್, ನಂತರ ಮರುಸ್ಥಾಪನೆ

ಪ್ರಶ್ನೆ: ತುಮಕೂರಿನ ನಮ್ಮ ಮನೆಯ ಫೈಬರ್ ರೂಟರ್‌ನಲ್ಲಿ ಕೆಲವು ಬದಲಾವಣೆ ಮಾಡಬೇಕಿದೆ. ಮೊದಲು ಬ್ಯಾಕಪ್ ತೆಗೆಯುವುದು ಹೇಗೆ, ರೀಸೆಟ್ ಆದರೆ ವಾಪಸ್ ಹಾಕುವುದು ಹೇಗೆ?

ಉತ್ತರ: ಬ್ರೌಸರ್‌ನಲ್ಲಿ ರೂಟರ್‌ನ ವಿಳಾಸವನ್ನು (ಹಲವು ರೂಟರ್‌ಗಳಲ್ಲಿ `192.168.1.1`) ತೆರೆದು ಲಾಗಿನ್ ಆಗಿ, `Backup & Restore` ಎಂಬಂಥ ಪುಟದಿಂದ ಫೈಲನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಆದರೆ ಆ ಫೈಲ್ ಅದೇ ಮಾದರಿಯ ರೂಟರಿಗೆ, ಎಷ್ಟೋ ಬಾರಿ ಅದೇ ಫರ್ಮ್‌ವೇರ್ ಆವೃತ್ತಿಗೆ ಮಾತ್ರ ಒಗ್ಗುತ್ತದೆ, ಮತ್ತು ಅದನ್ನು ತೆರೆದು ಓದಲು ಸಾಮಾನ್ಯವಾಗಿ ಆಗುವುದಿಲ್ಲ. ಆದ್ದರಿಂದ ಇಂಟರ್ನೆಟ್ ಸಂಪರ್ಕದ ವಿವರಗಳಿರುವ `WAN` ಪುಟದಲ್ಲಿ, ಆ ಸಂಪರ್ಕಕ್ಕೆ ಲಾಗಿನ್ ಆಗಲು ರೂಟರ್ ಬಳಸುವ `PPPoE` ಬಳಕೆದಾರ ಹೆಸರು ಮತ್ತು `VLAN ID` ಸಂಖ್ಯೆಯನ್ನು ಕಾಗದದಲ್ಲಿ ಬರೆದಿಡಿ. ಪಾಸ್‌ವರ್ಡ್ ಅಲ್ಲಿ ಚುಕ್ಕೆಗಳಾಗಿ ಕಾಣುವುದರಿಂದ ಅದನ್ನು ಇಂಟರ್ನೆಟ್ ಕೊಟ್ಟವರಿಂದ ಮೊದಲೇ ಕೇಳಿ ಪಡೆಯಬೇಕು.

ರೀಸೆಟ್ ಆದ ಮೇಲೆ ವೈಫೈ ಹೆಸರೂ ಲಾಗಿನ್ನೂ ರೂಟರ್‌ನ ಕೆಳಗಿನ ಚೀಟಿಯಲ್ಲಿರುವಂತೆ ಬದಲಾಗುತ್ತವೆ. ಲ್ಯಾನ್ ಕೇಬಲ್ ಹಾಕಿ, ಆ ಲಾಗಿನ್ನಿನಿಂದ ಒಳಹೊಕ್ಕು, ಅದೇ ಪುಟದಲ್ಲಿ ಫೈಲನ್ನು ಏರಿಸಿ. ರೂಟರ್ ತಾನಾಗಿ ಮರುಚಾಲನೆಯಾಗುವವರೆಗೆ ವಿದ್ಯುತ್ ಹೋಗದಂತೆ, ಸಾಧ್ಯವಾದರೆ ಯುಪಿಎಸ್ ಮೇಲೆಯೇ ಇಡಿ.

ಅನೇಕರು ಎಡವುವುದು ಇದಾದ ನಂತರ. ನೀವು ಹಿಂದೆ ವಿಳಾಸವನ್ನು `192.168.10.1` ಎಂದು ಬದಲಿಸಿದ್ದರೆ, ಮರುಸ್ಥಾಪನೆಯ ಬಳಿಕ ಪುಟ ತೆರೆಯುವುದು ಅಲ್ಲಿಯೇ, ಅದೂ ನಿಮ್ಮ ಹಳೆಯ ಪಾಸ್‌ವರ್ಡ್‌ನಿಂದಲೇ. ವೈಫೈ ಸಿಕ್ಕಿಯೂ ಇಂಟರ್ನೆಟ್ ಬಾರದೆ, `WAN` ಸ್ಥಿತಿಯಲ್ಲಿ `Authentication failed` ಎಂದು ಕಂಡರೆ, `PPPoE` ವಿವರಗಳನ್ನು ಕೈಯಿಂದ ಮತ್ತೆ ತುಂಬಿಸಿ.