ಮೆಚ್ಚುಗೆ ಮರೆಮಾಚುವ ಮೆಟ್ಟಿಲು

ಪ್ರಶ್ನೆ: ಸಿನಿಮಾ, ಸುದ್ದಿಗಳು ಅಂಗವಿಕಲರನ್ನು ‘ಸ್ಫೂರ್ತಿ’ ಎಂದು ತೋರಿಸಿದರೆ ತಪ್ಪೇನು? ಬೇರೆ ಹೇಗೆ ಹೇಳಬಹುದು?

ಉತ್ತರ: ನಿಜವಾದ ಸಾಧನೆಯನ್ನು ಮೆಚ್ಚುವುದು ತಪ್ಪಲ್ಲ, ದಿನನಿತ್ಯದ ಬದುಕನ್ನೇ ಸಾಧನೆಯಾಗಿ ಬಿಂಬಿಸಿ, ನೋಡುಗರು ‘ನಮ್ಮ ಪಾಡೇ ವಾಸಿ’ ಎಂದುಕೊಳ್ಳುವಂತೆ ಮಾಡುವುದು ತಪ್ಪು. ಗಾಲಿಕುರ್ಚಿ ಬಳಸುತ್ತಿದ್ದ ಆಸ್ಟ್ರೇಲಿಯಾದ ಪತ್ರಕರ್ತೆ ಸ್ಟೆಲ್ಲಾ ಯಂಗ್ 2014ರ ಭಾಷಣವೊಂದರಲ್ಲಿ ಹೇಳಿದಂತೆ, ಅವರಿಗೆ 15 ವರ್ಷವಿದ್ದಾಗ ಊರಿನವರೊಬ್ಬರು ಅವರ ಹೆಸರನ್ನು ಸಾಧನಾ ಪ್ರಶಸ್ತಿಗೆ ಸೂಚಿಸಲು ಬಂದಿದ್ದರು. ಎಲ್ಲ ಹುಡುಗಿಯರಂತೆ ಶಾಲೆಗೆ ಹೋಗಿಬರುವುದರ ಹೊರತು ಅವರು ವಿಶೇಷವಾದುದೇನನ್ನೂ ಮಾಡಿರಲಿಲ್ಲ.

ಗಾಲಿಕುರ್ಚಿ ಬಳಸುವ ವಿದ್ಯಾರ್ಥಿನಿಯೊಬ್ಬಳು ಕೈಯೂರಿ ತೆವಳುತ್ತಾ ಮೂರು ಮೆಟ್ಟಿಲು ಹತ್ತಿ ಪರೀಕ್ಷೆ ಬರೆದಳು ಎಂದುಕೊಳ್ಳಿ. ‘ಛಲಕ್ಕೆ ಸೋತ ಮೆಟ್ಟಿಲು’ ಎಂಬ ತಲೆಬರಹ ಅವಳನ್ನು ಹೊಗಳುತ್ತಲೇ ಕಟ್ಟಡದ ಹೊಣೆ ಹೊತ್ತವರನ್ನು ಪಾರುಮಾಡುತ್ತದೆ. ಆ ಮೆಟ್ಟಿಲುಗಳ ಒಟ್ಟು ಎತ್ತರ 45 ಸೆಂಟಿಮೀಟರ್ ಆಗಿದ್ದರೆ, ರೂಢಿಯಲ್ಲಿರುವ 1:12 ಇಳಿಜಾರಿನ ಪ್ರಕಾರ, ಅಂದರೆ ಎತ್ತರದ ಹನ್ನೆರಡು ಪಟ್ಟು ಉದ್ದ ಎಂಬ ಲೆಕ್ಕದಲ್ಲಿ, 5.4 ಮೀಟರ್ ಉದ್ದದ ರ‍್ಯಾಂಪ್ ಸಾಕು. ಅದನ್ನು ಯಾರು, ಏಕೆ ಕಟ್ಟಿಸಲಿಲ್ಲ ಎಂದು ವರದಿಗಾರರು ಕೇಳಬೇಕು. ತೆವಳುವ ಚಿತ್ರ ಪ್ರಕಟವಾಗುವುದು ಅವಳಿಗೆ ಒಪ್ಪಿಗೆಯೇ ಎಂಬುದನ್ನು ಅದಕ್ಕೂ ಮೊದಲು ಕೇಳಬೇಕು.

ಸಿನಿಮಾದಲ್ಲಾದರೆ ಆ ಪಾತ್ರಕ್ಕೆ ವೈಕಲ್ಯಕ್ಕೆ ಸಂಬಂಧಿಸದ ಆಸೆ, ಸಿಟ್ಟು, ತಪ್ಪುಗಳೂ ಇರಲಿ; ಕೊನೆಗೆ ಗುಣವಾಗುವುದು ಅಥವಾ ಸಾಯುವುದು ಮಾತ್ರವೇ ಅದರ ಪಾಲಿಗೆ ಉಳಿಯದಿರಲಿ.